ಇನ್ನೂ ನಿಶ್ಚಯ ಆಗಿಲ್ರಿ

ಪುಣೆಯ ಸದಾಶಿವ ಪೇಠೆಯಲ್ಲಿ, ವಿಠೋಬನ ಸಣ್ಣ ಗುಡಿಗೆ ಬೆನ್ನು ಹಚ್ಚಿ ನಿಂತ ಒಂದು ಹಳೆಯ ವಾಡೆ. ಅದರ ಮಾಳಿಗೆಯ ಮೇಲೆ ಸನ್ಮಾರ್ಗ ವಿದ್ಯಾಸಹಾಯ ಮಂಡಳಿಯ ಕಚೇರಿ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳಿಂದ ಓದಲು ಬಂದ ಕನ್ನಡ ಮಕ್ಕಳಿಗೆ ಪ್ರತಿ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಆ ಮಾಳಿಗೆಯ ಮೆಟ್ಟಿಲು ಹತ್ತುವ ಪ್ರಸಂಗ ಬರುತ್ತಿತ್ತು. ಕೆಳಗೆ ದೇವರು, ಮೇಲೆ ಮಂಡಳಿ. ಕೆಳಗೆ ಕೈಮುಗಿದು ಮೇಲೆ ಹೋಗಬೇಕು. ಕೆಳಗಿನವನು ಏನನ್ನೂ ಕೇಳುವುದಿಲ್ಲ. ಮೇಲಿನವರು ಒಂದೇ ಮಾತು ಕೇಳುತ್ತಾರೆ: ಮುಂದೆ ನೀನು ಏನಾಗುತ್ತೀ?

ಮಂಡಳಿ ಕಟ್ಟಿದ ಹಿರಿಯರು ಸಾಯುವಾಗ ಮಾಡಿಟ್ಟುಹೋದ ನಿಯಮ ಅದು. ಸಹಾಯ ಬೇಡುವವರು ತಮ್ಮ ಮುಂದಿನ ವೃತ್ತಿಯನ್ನು ಒಂದೇ ಶಬ್ದದಲ್ಲಿ ಹೇಳಬೇಕು. ಆ ಶಬ್ದ ಮಂಡಳಿಯ ಪುಸ್ತಕದಲ್ಲಿ ಹೆಸರಿನ ಮುಂದೆ ಕೂಡುತ್ತದೆ. ವಕೀಲ, ಎಂಜಿನಿಯರ್, ಡಾಕ್ಟರ್. ಶಬ್ದ ಹೇಳಿದವರಿಗೆ ಎರಡು ವರ್ಷದ ಸಹಾಯ, ಹೇಳಲಾರದವರಿಗೆ ಆ ಸಹಾಯವಿಲ್ಲ.

ಚಿಕ್ಕೋಡಿಯ ಶಾಲಾ ಮಾಸ್ತರ ಪ್ರಲ್ಹಾದಾಚಾರ್ಯರ ಮಗಳು ಅಂಬಾ ಆ ವರ್ಷ ಇಂಟರ್ ಸೈನ್ಸ್ ಪಾಸಾಗಿದ್ದಳು. ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ಹಿಡಿಯಬೇಕೆಂಬುದು ಅವಳ ಆಸೆ. ತಂದೆ ಊರಿಂದ ಬಂದವರೊಬ್ಬರ ಬಾಯಲ್ಲಿ ಹೇಳಿಕಳಿಸಿದ್ದರು: "ಮಂಡಳಿ ಕೈ ಹಿಡೀತಂದ್ರ ಓದಲಿ. ಹಿಡೀಲಿಲ್ಲಂದ್ರ ಸಾಮಾನು ಕಟ್ಟಿಕೊಂಡು ಬಾ ಅನ್ರಿ. ನನ್ನ ಕೈಲಿಂದ ಇನ್ನ ಮುಂದ ಆಗೂದಿಲ್ಲ." ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಅದಕ್ಕೇ ಅಂಬಾಗೆ ಅದರ ಭಾರ ಹೆಚ್ಚು.

ಅವಳು ಇರುತ್ತಿದ್ದದ್ದು ಸೋದರತ್ತೆ ರಂಗೂಬಾಯಿಯ ಮನೆಯಲ್ಲಿ. ಮಂಡಳಿಗೆ ಹೋಗುವ ಹಿಂದಿನ ದಿನ ಸಂಜೆ, ಹೊರಗೆ ಮಳೆ ಹನಿಯುತ್ತಿರುವಾಗ, ಅತ್ತೆ ದೇವರ ಮುಂದೆ ಹೂಬತ್ತಿ ಹೊಸೆಯುತ್ತಾ ಕುಳಿತಿದ್ದಳು. ಮಗ ಅವಧೂತ ಹವಾಮಾನ ಕಚೇರಿಯಿಂದ ಆಗಷ್ಟೇ ಬಂದು ಒದ್ದೆ ಕೋಟನ್ನು ಗೂಟಕ್ಕೆ ಹಾಕುತ್ತಿದ್ದ.

"ಡಾಕ್ಟರ್ ಅಂತ ಹೇಳಿಬಿಡು ಮಾರಾಯ್ತಿ," ಎಂದ ಅವನು. "ಹೆಣ್ಣುಮಕ್ಕಳು ಡಾಕ್ಟರ್ ಅಂದ್ರ ಮಂಡಳಿ ಅಧ್ಯಕ್ಷ ಈರಬಸಪ್ಪನವರು ಅರ್ಧ ಕುರ್ಚಿ ಬಿಟ್ಟು ಏಳ್ತಾರ. ನಾಳೆ ನಿನ್ನ ಕಡೆ ನಾಡಿ ಹಿಡಿಸಿಕೊಳ್ಳಿಕ್ಕೆ ಯಾರು ಬರ್ತಾರ?"

"ನೀ ಮಂಡಳ್ಯಾಗ ಎಂಜಿನಿಯರ್ ಅಂತ ಹೇಳಿದ್ದಿಯಲಾ ಅವಧೂತ?"

"ಹೇಳಿದ್ದೆ."

"ಮತ್ತ?"

"ಮತ್ತೇನು? ಮಂಡಳಿ ಓಣಿ ಬಿಟ್ಟು ಸುತ್ತು ಹಾಕಿ ಮನಿಗೆ ಬರ್ತೀನಿ. ಒಮ್ಮೆ ಈರಬಸಪ್ಪನವರು ಸಿಕ್ಕಿದ್ರು. 'ಏನ್ರಿ ಎಂಜಿನಿಯರ್ ಸಾಹೇಬ್ರ, ಸೇತುವಿ ಎಲ್ಲೀತನಕ ಬಂತು?' ಅಂದ್ರು, ಲಕಡಿ ಪೂಲ್ ಸೇತುವಿ ಮ್ಯಾಲೆ ನಿಂತು, ಮಂದಿ ಮುಂದ." ಅವಧೂತ ನಕ್ಕ. ಆದರೆ ನಗು ಬೇಗ ಮುಗಿಯಿತು. "ಮಳಿ ಎಲ್ಲಿ ಬಂತು, ಗಾಳಿ ಎತ್ತ ಬೀಸ್ತು ಅಂತ ನಕಾಶಿ ತಗಿಯೋ ಕೆಲಸ ನನಗ ಭಾಳ ಸೇರ್ತದ, ಅಂಬಾ. ಕಾಲೇಜಿನಾಗ ಇದ್ದಾಗ ಇಂಥಾದ್ದೊಂದು ಕೆಲಸ ಇರ್ತದ ಅಂತನೂ ಗೊತ್ತಿರಲಿಲ್ಲ ನನಗ. ಆದ್ರ ಆ ಪುಸ್ತಕದಾಗ ನಾ ಇನ್ನೂ ಎಂಜಿನಿಯರ್ರ."

ರಂಗೂಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಹೊಟ್ಟಿಗೆ ಹಾಕಿಕೊಳ್ಳೋ ಸುಳ್ಳು ಅದು. ವಿಠ್ಠಲ ಏನೂ ಸಿಟ್ಟಾಗೂದಿಲ್ಲ. ಹೇಳಿಬಿಡವಾ."

"ಹಂಗಂದ್ರ ಅತ್ಯಾ, ಈಗ ಅವನ ಮುಂದ ನಿಂತು ಹೇಳಿ ನೋಡಲೇನು? ನಾ ಡಾಕ್ಟರ್ ಆಗ್ತೀನಿ ಅಂತ?"

"ಹೇಳು."

ಅಂಬಾ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟ ಕರಿಯ ಮೂರ್ತಿ, ಮುಂದೆ ಎಣ್ಣೆದೀಪ. ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಡಾಕ್ಟರ್ ಆಗುವುದು ಸಾಧ್ಯವೇ ಇಲ್ಲ ಎಂದೇನಲ್ಲ. ಆಗುತ್ತೇನೆ ಎಂದು ಹೇಳಲು ಒಳಗೆ ಏನೂ ಸಿಗಲಿಲ್ಲ, ಅಷ್ಟೇ. ಖಾಲಿ ಕೊಡಕ್ಕೆ ಕೈಯಿಟ್ಟ ಹಾಗಾಯಿತು. ಅತ್ತೆ ಒಮ್ಮೆ ಅವಳ ಮುಖ ನೋಡಿದಳು, ಒಮ್ಮೆ ದೇವರ ಮುಖ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮಂಡಳಿಯ ಪಡಸಾಲೆಯಲ್ಲಿ ಬೆಂಚಿನ ತುಂಬ ಹುಡುಗರು. ಹೆಣ್ಣುಮಗಳೆಂದರೆ ಅಂಬಾ ಒಬ್ಬಳೇ. ಬಾಗಿಲ ಬಳಿ ಮೇಜಿಟ್ಟುಕೊಂಡು ಕುಳಿತ ಗುಮಾಸ್ತ ಗೂಳಪ್ಪ ಒಬ್ಬೊಬ್ಬರನ್ನೇ ಕರೆದು ಹೆಸರು, ಊರು, ಪರೀಕ್ಷೆ, ವೃತ್ತಿ ಎಂದು ಪುಸ್ತಕಕ್ಕೆ ಏರಿಸುತ್ತಿದ್ದ. ಆ ಪುಸ್ತಕ ಒಳಗೆ ಹೋಗುತ್ತದೆ, ಅದರ ಹಿಂದೆ ಹುಡುಗ ಹೋಗುತ್ತಾನೆ.

"ಏನ್ ತಮ್ಮಾ, ಮುಂದ ಏನಾಗಾಂವ?"

"ಐ.ಸಿ.ಎಸ್.," ಎಂದ ಮುಂದಿದ್ದ ಹುಡುಗ, ಚಹಾ ಬೇಕೆಂದು ಹೇಳಿದಷ್ಟು ಸಲೀಸಾಗಿ.

"ಅದು ಮೂರು ಅಕ್ಷರಾತಲ್ಲೋ, ಒಂದs ಶಬ್ದ ಅಂದೀನಿ," ಎಂದು ಗೂಳಪ್ಪ ತಾನೇ ನಕ್ಕು, ಬರೆದುಕೊಂಡ. ಹುಡುಗ ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ಹಲ್ಲು ಬಿಡುತ್ತಾ ಹೊರಗೆ ಬಂದ. ಅಂಬಾ ಅವನನ್ನೇ ನೋಡಿದಳು. ಅಷ್ಟು ಸುಲಭವೇ? ಒಂದು ಶಬ್ದ, ಅದು ನಿಜವಿರಲಿ ಬಿಡಲಿ, ಎರಡು ವರ್ಷದ ಓದು.

ಅವಳ ಸರದಿ ಬಂತು. ಹೆಸರು ಹೇಳಿದಳು, ಊರು ಹೇಳಿದಳು. ಗೂಳಪ್ಪ ಪುಸ್ತಕದಿಂದ ತಲೆ ಎತ್ತದೆ ಕೇಳಿದ: "ಮುಂದಿಂದು ಏನು ನಿಶ್ಚಯ ಆಗೇತಿ ತಂಗಿ?"

ಅಂಬಾ ಗಟ್ಟಿಯಾಗಿ ಉಸಿರೆಳೆದುಕೊಂಡು, "ಇನ್ನೂ ನಿಶ್ಚಯ ಆಗಿಲ್ರಿ," ಎಂದಳು.

"ಭಾಳ ಚಲೋ ಆತು," ಎಂದ ಗೂಳಪ್ಪ. ಲೇಖಣಿ ಸರಸರ ಓಡಿತು. "ನಡಿ ಒಳಗ."

ಏನು ಚಲೋ ಆಯಿತೆಂದು ಅಂಬಾಗೆ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಪುಸ್ತಕ ಒಳಗೆ ಹೋಗಿಯಾಗಿತ್ತು.

ಒಳಗೆ ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ನಿವೃತ್ತ ಎಂಜಿನಿಯರ್ ಈರಬಸಪ್ಪನವರು, ಜರಿ ರುಮಾಲು, ಹಣೆಯ ತುಂಬ ವಿಭೂತಿ. ಎಡಕ್ಕೆ ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ನಡೆಸುವ ಮೋಹನದಾಸ್. ಬಲಕ್ಕೆ ಹೆರಿಗೆ ಆಸ್ಪತ್ರೆಯ ಡಾಕ್ಟರ್ ಪಂಕಜಾಕ್ಷಿ. ಅವರೂ ಕರಾವಳಿಯವರೇ, ತೆಳ್ಳಗಿನ ಬಿಳಿ ಸೀರೆ, ಕಣ್ಣು ಮಾತ್ರ ಬಲು ಚುರುಕು.

ಈರಬಸಪ್ಪನವರು ಪುಸ್ತಕ ಓದಿ ತಲೆದೂಗಿದರು. "ಅಂಬಾ ಪ್ರಲ್ಹಾದ. ವೃತ್ತಿ, ಡಾಕ್ಟರ್. ಶರಾ, ನಿಶ್ಚಯ ಆಗಿಲ್ಲ." ಅವರ ಮುಖ ಅರಳಿತು. "ಶಾಬಾಸ್! ಹೋದ ವರ್ಷ ಒಬ್ಬಾಕಿಗೆ ಕೊಟ್ಟಿವಿ. ದೀಪಾವಳಿಗೆ ನಿಶ್ಚಯ ಆತು, ಸಂಕ್ರಾಂತಿಗೆ ಮದುವಿ ಆಗಿ ಸಾಂಗ್ಲಿಗೆ ಹೋದ್ಲು. ನಿಂದು ಇನ್ನೂ ಆಗಿಲ್ಲಂದ್ರ ಎರಡು ವರ್ಷ ನಿಶ್ಚಿಂತಿ. ಏನಂತೀರಿ ಮೋಹನದಾಸರ?"

"ಎಂತ ಹೇಳುವುದು? ಡಾಕ್ಟರಮ್ಮನಿಗೆ ಜೊತೆಯಾಯಿತು. ಕೊಡುವ ಮಾರಾಯರೇ, ಹೊರಗೆ ಇನ್ನೂ ಬೆಂಚು ತುಂಬ ಇದ್ದಾರೆ."

ಅಂಬಾಗೆ ಆಗ ಅರ್ಥವಾಯಿತು. ನಿಶ್ಚಯವೆಂದರೆ ಗೂಳಪ್ಪನಿಗೆ ಹೊಳೆದದ್ದು ಒಂದೇ: ತೆಂಗಿನಕಾಯಿ, ಕುಪ್ಪಸದ ಕಣ, ತಾಂಬೂಲ ಬದಲಾವಣೆ. ಹುಡುಗನಿಗೆ ಕೇಳಿದರೆ ವೃತ್ತಿಯಾಗುವ ಮಾತು ಹುಡುಗಿಗೆ ಕೇಳಿದರೆ ಮದುವೆಯಾಗುತ್ತದೆ. ಇನ್ನು ಪುಸ್ತಕದಲ್ಲಿ ವೃತ್ತಿಯ ಮನೆ ಖಾಲಿ ಉಳಿದಿತ್ತು. ಓದಲು ಬಂದ ಹೆಣ್ಣುಮಗಳು ಮತ್ತೇನಾದಾಳು ಎಂದು ಗೂಳಪ್ಪ ತಾನೇ 'ಡಾಕ್ಟರ್' ತುಂಬಿಬಿಟ್ಟಿದ್ದ.

ಈರಬಸಪ್ಪನವರು ಸಹಿ ಮಾಡಲು ಲೇಖಣಿಯನ್ನು ದೌತಿಯಲ್ಲಿ ಅದ್ದಿದರು.

ಅವಳು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಕೈಮುಗಿದು ಹೊರಗೆ ನಡೆದರೆ ಮುಗಿಯಿತು. ಬೇರೆಯವನೊಬ್ಬ ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ ಅವಳೇಕೆ ಹೊಣೆ? ಒಳ್ಳೆಯವನಾದ ದೇವರೇ ಕಳಿಸಿದ ತಪ್ಪೇನೋ ಇದು, ಎಂದೂ ಅನ್ನಿಸಿತು. ಲೇಖಣಿಯ ತುದಿಯಿಂದ ಒಂದು ಹನಿ ಮಸಿ ದೌತಿಗೆ ಮರಳಿ ಬಿತ್ತು. ಸಾಮಾನು ಕಟ್ಟಿಕೊಂಡು ಚಿಕ್ಕೋಡಿಯ ಬಸ್ಸು ಹತ್ತುವುದು ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ, ಓಣಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಬರುವ ಅವಧೂತನೂ.

"ತಡೀರಿ," ಎಂದಳು. ಧ್ವನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಡಾಕ್ಟರ್ ಅಂತ ನಾ ಹೇಳಿಲ್ರಿ."

ಲೇಖಣಿ ನಿಂತಿತು.

"ಗೂಳಪ್ಪನವರು ಮುಂದಿಂದು ಏನು ನಿಶ್ಚಯ ಆಗೇದ ಅಂದ್ರು. ವೃತ್ತಿ ಕೇಳ್ಯಾರ ಅಂತ ತಿಳಕೊಂಡು, ನಿಶ್ಚಯ ಆಗಿಲ್ಲ ಅಂದೆ. ಅವರು ಮದುವಿ ಅಂತ ತಿಳಕೊಂಡ್ರು."

ಮೋಹನದಾಸ್ ಹೊಟ್ಟೆ ಕುಲುಕಿಸಿ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಅಂದ್ರ? ನೀ ಏನಾಗಾಕಿ ಅನ್ನೂದು ನಿನಗ ಗೊತ್ತಿಲ್ಲ?"

"ಒಂದ ಶಬ್ದದಾಗ ಹೇಳುವಷ್ಟು ಗೊತ್ತಿಲ್ರಿ."

"ಮತ್ತ ಇಲ್ಲಿ ಯಾಕ ಬಂದಿ?" ಅವರು ಲೇಖಣಿಯನ್ನು ಬದಿಗಿಟ್ಟರು. "ನಾ ಸರ್ವಿಸಿನಾಗ ಇದ್ದಾಗ, ಕಾಲುವಿ ಎಲ್ಲಿಗೆ ಮುಟ್ಟಬೇಕು ಅನ್ನೂದು ಗೊತ್ತಿಲ್ದ ಒಂದು ಗುದ್ದಲಿ ಏಳತಿರಲಿಲ್ಲ. ಮಂಡಳಿ ಕಟ್ಟಿದ ಪುಣ್ಯಾತ್ಮರು ಸುಮ್ಮನ ನಿಯಮ ಮಾಡಿಲ್ಲ. ಹೊರಗ ಬೆಂಚಿನ ಮ್ಯಾಲೆ ಕುಂತ ಪ್ರತಿಯೊಬ್ಬಂಗೂ ಗುರಿ ಐತಿ. ಅವರನ್ನ ಬಿಟ್ಟು ನಿನಗ ಯಾಕ ಕೊಡಬೇಕು?"

ಈಗ ಪಂಕಜಾಕ್ಷಿ ಮುಂದಕ್ಕೆ ಬಾಗಿದರು.

"ಗೊತ್ತಿಲ್ಲ ಅಂತ ಸೋಮಾರಿಗಳೂ ಹೇಳ್ತಾರೆ, ಮಗೂ. ಅದು ಸತ್ಯವೇ ಇರಬಹುದು, ಆದರೆ ಉತ್ತರ ಅಲ್ಲ. ಗೊತ್ತಿಲ್ಲದ್ದನ್ನು ಬಿಡು. ಗೊತ್ತಿದ್ದದ್ದು ಎಂತ ಉಂಟು? ಅದನ್ನು ಹೇಳು."

ಆ ಮಾತು ಕಠಿಣವಾಗಿತ್ತು. ಆದರೆ ಕಾಲೂರಲು ಒಂದು ಜಾಗ ಸಿಕ್ಕ ಹಾಗಾಯಿತು. ಅಂಬಾ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸಸ್ಯಶಾಸ್ತ್ರ ಓದೂದು ನಿಶ್ಚಯ ರೀ. ಅದರಾಗ ಸಂಶಯ ಇಲ್ಲ. ನಮ್ಮ ಊರ ಸುತ್ತ ವೀಳ್ಯದೆಲಿ ಬಳ್ಳಿ ತೋಟ ಅವ. ನಾ ಸಣ್ಣಾಕಿ ಇದ್ದಾಗ ಒಂದು ಮಳಿಗಾಲದಾಗ ಬಳ್ಳಿಗಳೆಲ್ಲ ಬುಡಕ್ಕ ಕೊಳತು ಹೋದ್ವು. ದೃಷ್ಟಿ ಆತು ಅಂದ್ರು, ಶಾಂತಿ ಮಾಡಿಸಿದ್ರು. ಕಾಲೇಜಿನಾಗ ಸೂಕ್ಷ್ಮದರ್ಶಕದ ಕೆಳಗ ಅಂಥಾ ಬೇರು ಇಟ್ಟು ನೋಡಿದಾಗ, ದಾರದಂಗ ಬೂಸ್ರು ಒಳಗೆಲ್ಲ ಹರದಾಡಿತ್ರಿ. ಅವತ್ತಿನಿಂದ ಅದು ತಲಿ ಬಿಟ್ಟಿಲ್ಲ. ಓದು ಮುಗಿಸಿ ನಮ್ಮ ಸೀಮಿಗೇ ಹೋಗಿ ಕೆಲಸ ಮಾಡೂದು, ಅದೂ ನಿಶ್ಚಯ."

"ಹಾಗಾದರೆ ಸಂಶಯ ಎಲ್ಲಿ ಉಂಟು?"

"ಎರಡು ದಾರಿ ಕಾಣಸ್ತಾವ್ರಿ. ಹೆಣ್ಣುಮಕ್ಕಳ ಸಾಲ್ಯಾಗ ವಿಜ್ಞಾನ ಕಲಸೂದು ಒಂದು. ಕೃಷಿ ಇಲಾಖೆದಾಗ ಬೆಳಿ ರೋಗ ನೋಡೋ ಕೆಲಸ ಇನ್ನೊಂದು. ಎರಡನೇದು ನನಗ ಹೆಚ್ಚು ಬೇಕು. ಆದ್ರ ಅಲ್ಲಿ ಹೆಣ್ಣುಮಕ್ಕಳನ್ನ ತಗೋತಾರೋ ಇಲ್ಲೋ ಗೊತ್ತಿಲ್ಲ. ಮದಲನೇದಕ್ಕ ತಗೋತಾರ, ಆದ್ರ ಮಕ್ಕಳ ಮುಂದ ನಿಂತು ಕಲಸೂದು ನನ್ನ ಕೈಲಿ ಆಗ್ತದೋ ಇಲ್ಲೋ, ಅದು ಗೊತ್ತಿಲ್ಲ."

"ಡಾಕ್ಟರ್ ಯಾಕೆ ಬೇಡ?" ಪಂಕಜಾಕ್ಷಿಯ ಕಣ್ಣು ಕಿರಿದಾಯಿತು. "ನಾನು ಎದುರಿಗೆ ಕೂತಿದ್ದೇನೆ ಅಂತ ಬೆಣ್ಣೆ ಹಚ್ಚಬೇಡ."

"ಮನಸ್ಸಿನಾಗ ಬಂದಿತ್ರಿ. ಅದs ಬೇಕಿದ್ರ ಇಂಟರ್ ಆದಕೂಡ್ಲೆ ಮುಂಬಯಿಗೆ ಅರ್ಜಿ ಹಾಕಬೇಕಿತ್ತು, ಬಿ.ಎಸ್ಸಿ. ಕಟ್ಟಿಕೊಂಡು ಏನು ಮಾಡ್ಲಿ? ರೋಗಿ ಬಾಜೂಕ ಕೂತು ಧೈರ್ಯ ಹೇಳೋ ಮನಸ್ಸು ಬೇಕು ಆ ಕೆಲಸಕ್ಕ. ನನ್ನ ಮನಸ್ಸು ರೋಗದ ಹಿಂದ ಓಡ್ತದ."

ಪಂಕಜಾಕ್ಷಿ ಈರಬಸಪ್ಪನವರ ಕಡೆ ತಿರುಗಿದರು. "ಇದನ್ನು ನಾನೇ ಕೇಳುವವಳಿದ್ದೆ. ಡಾಕ್ಟರ್ ಆಗುವವಳಿಗೆ ಬಿ.ಎಸ್ಸಿ. ಎಂತಕ್ಕೆ ಅಂತ. ನೀವು ಸಹಿಗೆ ಅವಸರ ಮಾಡಿದಿರಿ."

ಅಧ್ಯಕ್ಷರ ಕಿವಿ ಕೆಂಪಾಯಿತು. "ಅದೆಲ್ಲ ಇರಲಿ. ಈ ಎರಡರಾಗ ಒಂದು ಆರಿಸು. ಈಗ. ಶಿಕ್ಷಕಿ ಅನ್ನು, ಬರದು ಸಹಿ ಹಾಕತೀನಿ. ನಾಳೆ ಬ್ಯಾರೆ ಆದ್ರ ಆಗಲಿ, ಯಾರು ಕೇಳ್ತಾರ?"

ಮೇಜಿನಾಚೆಯಿಂದಲೇ ಒಂದು ದಾರಿ ತೆರೆದಂತಾಯಿತು. ಶಿಕ್ಷಕಿ. ಪೂರ್ತಿ ಸುಳ್ಳೂ ಅಲ್ಲ. ಅರ್ಧ ನಿಜ ಇದ್ದ ಶಬ್ದ. ನಿನ್ನೆ ಸಂಜೆ ದೇವರ ಮುಂದೆ ಏಳದ ನಾಲಿಗೆ ಈ ಶಬ್ದಕ್ಕೆ ಎದ್ದರೂ ಏಳುತ್ತಿತ್ತು.

"ಹಿರೇರು, ಸಿಟ್ಟಾಗಬ್ಯಾಡ್ರಿ," ಎಂದಳು ಅಂಬಾ. "ನಮ್ಮಲ್ಲಿ ಹುಡುಗೀದು ನಿಶ್ಚಯ ಮಾಡೂಕಿಂತ ಮೊದಲು ಮನಿ ನೋಡಿ ಬರ್ತಾರಲ್ರಿ? ಬಾವಿ ಎಲ್ಲದ, ಅತ್ತಿ ಹೆಂಗಿದ್ದಾಳ, ದನಕ್ಕ ಮೇವು ಅದನೋ ಇಲ್ಲೋ ಎಲ್ಲಾ ಕೇಳತಾರ. ನೋಡದ ಮನಿಗೆ ಯಾರೂ ತಾಂಬೂಲ ಕಳಸೂದಿಲ್ಲ. ನಾ ಈ ಎರಡೂ ಮನಿ ಹೊಸ್ತಿಲಾ ಇನ್ನೂ ತುಳದಿಲ್ರಿ. ಇವತ್ತ ಶಿಕ್ಷಕಿ ಅಂದ್ರ ನೀವು ಬರಕೋತೀರಿ. ಅದು ನಿಮಗ ಮಾತು ಕೊಟ್ಟಂಗ. ನೋಡದs ಹೆಂಗ ಮಾತು ಕೊಡ್ಲಿ?"

ಮೋಹನದಾಸರ ನಗು ಅರ್ಧಕ್ಕೆ ನಿಂತಿತು. "ಇದು ಸರಿ ಉಂಟಲ್ಲ," ಎಂದು ತಮ್ಮೊಳಗೇ ಹೇಳಿಕೊಂಡ ಹಾಗೆ ಹೇಳಿದರು. "ನಾನು ಊರು ಬಿಟ್ಟದ್ದು ಮುಂಬಯಿಯಲ್ಲಿ ಜವಳಿ ಅಂಗಡಿ ಇಡ್ತೇನೆ ಅಂತ."

"ನಿಮ್ಮ ಕಥಿ ಆಮ್ಯಾಲೆ," ಎಂದರು ಈರಬಸಪ್ಪನವರು. ಅವಳನ್ನೇ ದಿಟ್ಟಿಸಿದರು. "ಮನಿ ನೋಡಾಕ ಯಾವಾಗ ಹೋಗಾಕಿ? ಹಿಂಗs ನೋಡಕೋತ ನೋಡಕೋತ ಮುದುಕಿ ಆಗಾಕೇನು?"

ಪ್ರಶ್ನೆ ಚುಚ್ಚುವಂಥದ್ದು. ಆದರೆ ಅದಕ್ಕೆ ಅವಳ ಬಳಿ ಉತ್ತರವಿತ್ತು. "ದೀಪಾವಳಿ ಸೂಟಿಯೊಳಗ ಚಿಕ್ಕೋಡಿ ಹೆಣ್ಣುಮಕ್ಕಳಿಗೆ ಮನಿಯೊಳಗ ಪಾಠ ಹೇಳಿ ನೋಡ್ತೀನ್ರಿ. ಅಪ್ಪ ಮಾಸ್ತರು, ನನಗ ಬರ್ತದೋ ಇಲ್ಲೋ ಅಂತ ಮಾರಿ ಮ್ಯಾಲೆ ಹೇಳ್ತಾರ. ಇಲ್ಲಿ ಕೃಷಿ ಕಾಲೇಜಿನ ರೋಗಶಾಸ್ತ್ರದ ಪ್ರಯೋಗಶಾಲೆಗೆ, ನಮ್ಮ ಪ್ರೊಫೆಸರು ಚೀಟಿ ಕೊಡ್ತೀನಿ ಅಂದಾರ. ಹೋಗಿ, ಹೆಣ್ಣುಮಕ್ಕಳಿಗೆ ಕೆಲಸ ಅದನೇನು ಅಂತ ನೇರ ಕೇಳ್ತೀನಿ. ಇಲ್ಲ ಅಂದ್ರ ಇಲ್ಲ. ಬರೋ ಮಳಿಗಾಲಕ್ಕ ನಿಮ್ಮ ಮುಂದ ಬಂದು ಏನು ಕಂಡೆ ಅಂತ ಹೇಳ್ತೀನಿ. ಓದಂತೂ ಎರಡಕ್ಕೂ ಒಂದs. ಒಂದು ದಿನಾನೂ ದಂಡ ಆಗೂದಿಲ್ಲ."

ಕೆಳಗಿನ ಗುಡಿಯಲ್ಲಿ ಯಾರೋ ಗಂಟೆ ಬಾರಿಸಿದರು. ಈರಬಸಪ್ಪನವರು ಪುಸ್ತಕವನ್ನು ಹತ್ತಿರಕ್ಕೆಳೆದು 'ಡಾಕ್ಟರ್' ಎಂಬುದರ ಮೇಲೆ ಒಂದು ಗೆರೆ ಎಳೆದರು. ಆ ಗೆರೆ ಅಂಬಾಳ ಎದೆಯ ಮೇಲೇ ಹಾದುಹೋದ ಹಾಗಾಯಿತು.

"ಗೂಳಪ್ಪಾ!" ಎಂದು ಕೂಗಿದರು.

ಗೂಳಪ್ಪ ಓಡಿ ಬಂದ.

"ಈ ಹುಡುಗಿ ಹೇಳಿದ್ದು ಬರ್ಕೋ. ನಿನ್ನ ತಲ್ಯಾಗಿಂದಲ್ಲ, ಆಕಿ ಬಾಯಾಗಿಂದು."

"ಸಾಹೇಬ್ರ, ವೃತ್ತಿ ಬರಿಯೋ ಮನಿ ಒಂದ ಶಬ್ದದ್ದೈತ್ರಿ. ಅಷ್ಟೆಲ್ಲ ಹಿಡಿಯೂದಿಲ್ರಿ," ಎಂದ ಗೂಳಪ್ಪ, ನಿಜವಾದ ಸಂಕಟದಿಂದ.

"ಅಂಚಿನಾಗ ಬರಿ. ನಿಯಮ ನಾ ಮುರ್ಯಾಂವಲ್ಲ." ಇದನ್ನು ಅವರು ಅಂಬಾಗೆ ಹೇಳಿದರು. "ಶಬ್ದ ಇಲ್ಲಂದ್ರ ಎರಡು ವರ್ಷದ ಸಹಾಯ ಇಲ್ಲ. ಅದು ಶಬ್ದ ಹೇಳಿದವರಿಗೆ. ನಿನಗ ಒಂದು ವರ್ಷದ್ದು ಅಷ್ಟ. ಬರೋ ಮಳಿಗಾಲಕ್ಕ ಬಾ. ಏನೂ ನೋಡದs ಬಂದ್ರ ಬಾಗಲಾಗಿಂದs ಕಳಸ್ತೀನಿ. ನೋಡಿ ಬಂದು, ಎರಡೂ ಆಗಲಿಲ್ಲ, ಮೂರನೇದು ಅಂದ್ರೂ ಕೇಳ್ತೀನಿ. ಆದ್ರ ಕೊಡ್ತೀನಿ ಅಂತ ಈಗ ಮಾತು ಕೊಡೂದಿಲ್ಲ. ಒಂದು ವರ್ಷ ಸಾಕೇನು?"

ಸಾಕು ಎನ್ನುವುದು ಸೌಜನ್ಯವಾಗುತ್ತಿತ್ತು. ಅಂಬಾ ತಂದೆಯನ್ನು ನೆನೆದಳು. ಒಂದು ವರ್ಷದ ಭರವಸೆಯ ಮೇಲೆ ಅವರು ಒಪ್ಪುವರೋ ಇಲ್ಲವೋ. ಒಪ್ಪಿದರೂ ಆಮೇಲೆ ಮಂಡಳಿ ಕೈಬಿಟ್ಟರೆ ಅರ್ಧ ಬಿ.ಎಸ್ಸಿ. ಇಟ್ಟುಕೊಂಡು ಏನು ಮಾಡುವುದು?

"ಸಾಲೂದಿಲ್ರಿ," ಎಂದಳು. "ಆದ್ರ ಸುರು ಮಾಡ್ಲಿಕ್ಕೆ ಆಗ್ತದ."

ಪಂಕಜಾಕ್ಷಿ ತುಟಿ ಬಿಗಿಹಿಡಿದು ನಗು ತಡೆದರು. ಈರಬಸಪ್ಪನವರು ಸಹಿ ಹಾಕಿದರು. ಹಾಕಿದ ಮೇಲೆ ಅದನ್ನೊಮ್ಮೆ ನೋಡಿ, ಮೆಚ್ಚಿಗೆಯೂ ಇಲ್ಲದೆ ಬೇಸರವೂ ಇಲ್ಲದೆ, ಮಸಿ ಆರಿಸುವ ಕಾಗದವನ್ನು ಒತ್ತಿದರು.

ಹೊರಗೆ ಗೂಳಪ್ಪ ಪುಸ್ತಕವನ್ನು ಅಡ್ಡ ತಿರುಗಿಸಿಕೊಂಡು ಕುಳಿತ. ಬೆಂಚಿನ ಮೇಲಿನ ಹುಡುಗರೆಲ್ಲ ಇವಳನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ಒಳಗಿದ್ದವಳು ಗೆದ್ದು ಬಂದಳೋ ಸೋತು ಬಂದಳೋ ಅವರಿಗೆ ತಿಳಿಯುವಂತಿರಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

"ಸಾವಕಾಶ ಹೇಳವ್ವಾ," ಎಂದ ಗೂಳಪ್ಪ, ಅಂಚಿನ ಅಗಲವನ್ನು ಬೆರಳಿನಿಂದ ಅಳೆದು. "ಸಣ್ಣ ಅಕ್ಷರದಾಗ ಬರಿಯಬೇಕು. ಮೊದಲ ಯಾವುದು ಬರ್ಕೊಳ್ಲಿ, ಗೊತ್ತಿದ್ದದ್ದೋ, ಗೊತ್ತಿಲ್ಲದ್ದೋ?"

"ಗೊತ್ತಿದ್ದದ್ದು ಮೊದಲ," ಎಂದು ಅಂಬಾ ಹೇಳತೊಡಗಿದಳು.